ಎರಡು ವರ್ಷ ಸಿಒಡಿಯಲ್ಲಿ ರೊಟ್ಟಿ ಕಳಿಸಿದ ಮೇಲೆ ನನಗೆ ಸಿಕ್ಕ ಲೆಕ್ಕ

ವಿಜಯಪುರದ ನಮ್ಮ ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾರುತ್ತೇನೆ. ಆರ್ಡರ್ ಬರುವುದು ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್ಯಾಪ್‌ನಲ್ಲಿ. ನಾಲ್ಕೈದು ಕೊರಿಯರ್‌ಗಳು ಒಂದೇ ಕಡೆ ಸಿಗುವ ಆ್ಯಪ್ ಒಂದರ ಮೂಲಕ ಪಾರ್ಸೆಲ್ ಕಳಿಸುತ್ತೇನೆ. ಅದರಲ್ಲಿರುವ ಕ್ಯಾಶ್ ಆನ್ ಡೆಲಿವರಿ, ಅಂದರೆ ಸಿಒಡಿ, ಬಳಸಲು ಶುರು ಮಾಡಿ ಎರಡು ವರ್ಷ ಆಯಿತು. ಮನೆಯಿಂದಲೇ ತಿಂಡಿ ಮಾರುವವರು ಇದನ್ನು ಆನ್ ಮಾಡುವ ಮೊದಲು ಒಂದು ಲೆಕ್ಕ ನೋಡಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಒಂದು ಪ್ಯಾಕ್‌ನಲ್ಲಿ 30 ರೊಟ್ಟಿ, ಎರಡು ಬಗೆಯ ಚಟ್ನಿ ಕಾಲು ಕಾಲು ಕಿಲೋ. ಕೊರಿಯರ್ ಸೇರಿ 480 ರೂಪಾಯಿ. ಜೋಳ, ಗ್ಯಾಸ್, ರೊಟ್ಟಿ ಬಡಿಯುವ ಇಬ್ಬರ ಕೂಲಿ, ಚಟ್ನಿ, ಡಬ್ಬಿ ಎಲ್ಲ ಸೇರಿ 300 ಬೀಳುತ್ತದೆ. ಕೊರಿಯರ್‌ಗೆ ಸುಮಾರು 90. ಮೊದಲೇ ಯುಪಿಐ ಮಾಡಿದ ಗಿರಾಕಿಯಿಂದ ನನಗೆ ಉಳಿಯುವುದು 90. ಸಿಒಡಿ ಆದರೆ ದುಡ್ಡು ವಸೂಲಿ ಮಾಡಿಕೊಡುವ ಶುಲ್ಕ 40 ಹೋಗಿ 50 ಉಳಿಯುತ್ತದೆ. 'ನಲವತ್ತು ತಾನೆ, ಹೋಗಲಿ, ಆರ್ಡರ್ ಜಾಸ್ತಿ ಬರುತ್ತವೆ' ಅಂದುಕೊಂಡಿದ್ದೆ. ಆರ್ಡರ್ ಜಾಸ್ತಿ ಬಂದದ್ದೂ ನಿಜ.

ಆದರೆ ನಷ್ಟ ಆ ನಲವತ್ತರಲ್ಲಿ ಇರಲಿಲ್ಲ. ಗಿರಾಕಿ ಪಾರ್ಸೆಲ್ ತಗೊಳ್ಳದಿದ್ದರೆ ಅದು ವಾಪಸ್ ಬರುತ್ತದೆ. ಆ್ಯಪ್‌ನಲ್ಲಿ ಅದಕ್ಕೆ RTO ಎನ್ನುತ್ತಾರೆ. ಸಿಒಡಿ ಶುಲ್ಕ ನನಗೆ ವಾಪಸ್ ಜಮಾ ಆಗುತ್ತದೆ, ಆದರೆ ಹೋದ ಬಾಡಿಗೆ 90, ಬಂದ ಬಾಡಿಗೆ 80, ಎರಡೂ ನನ್ನ ತಲೆಯ ಮೇಲೆ. ಸೀರೆ ಮಾರುವವರಿಗೆ ಇಲ್ಲಿಗೆ ಮುಗಿಯಿತು, ಅದೇ ಸೀರೆಯನ್ನು ಮತ್ತೊಬ್ಬರಿಗೆ ಕೊಡಬಹುದು. ನನ್ನ ಮಾಲು ಹಾಗಲ್ಲ. ಮೊದಲ ಸಲ ವಾಪಸ್ ಬಂದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಿಚ್ಚಿದೆ. ಹೋಗಿ ಬರಲು 17 ದಿನ ಆಗಿತ್ತು. ಮೂಲೆಯೊಂದು ಒಳಗೆ ಚಪ್ಪಟೆಯಾಗಿತ್ತು. ಮೇಲಿನ ನಾಲ್ಕು ರೊಟ್ಟಿ ಬಿಟ್ಟರೆ ಉಳಿದದ್ದೆಲ್ಲ ಚೂರು, ಕೆಳಗೆ ಬರೀ ಹಿಟ್ಟು. ಶೇಂಗಾ ಚಟ್ನಿಯ ಎಣ್ಣೆ ಕಾಗದಕ್ಕೆ ಹತ್ತಿ ಕಮಟು ವಾಸನೆ ಬರುತ್ತಿತ್ತು. ಆವತ್ತು ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದ ಅಕ್ಕ ಪಕ್ಕದಲ್ಲೇ ನಿಂತು ನೋಡಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈಗ ಕೂಡಿಸಿ ನೋಡಿ. ಮಾಲು 300, ಬಾಡಿಗೆ 170, ಒಟ್ಟು 470 ಹೋಯಿತು. ಒಂದು ಸಿಒಡಿಯಲ್ಲಿ ಉಳಿಯುವುದು 50. ಹತ್ತರಲ್ಲಿ ಒಂದು ವಾಪಸ್ ಬಂದರೆ ಉಳಿದ ಒಂಬತ್ತರ ಲಾಭ 450, ಅಂದರೆ 20 ರೂಪಾಯಿ ಕೈಯಿಂದ ಹಾಕಿದ ಹಾಗೆ. ದಸರಾ ಇದ್ದ ಒಂದು ತಿಂಗಳು 40 ಸಿಒಡಿ ಕಳಿಸಿದ್ದೆ, 7 ವಾಪಸ್ ಬಂದವು. ರಜೆಗೆ ಜನ ಊರಿಗೆ ಹೋಗಿ ಮನೆಗೆ ಬೀಗ ಬಿದ್ದಿತ್ತು. 33ರಿಂದ ಬಂದದ್ದು 1,650, ಏಳರಲ್ಲಿ ಹೋದದ್ದು 3,290. ಮೈಮುರಿದು ದುಡಿದ ತಿಂಗಳಲ್ಲಿ 1,640 ರೂಪಾಯಿ ನಷ್ಟ. ಮಾರಾಟದ ಮೊತ್ತ ಮಾತ್ರ ನೋಡುತ್ತಿದ್ದರೆ ಇದು ಗೊತ್ತೇ ಆಗುವುದಿಲ್ಲ.

ವಾಪಸ್ ಬಂದದ್ದೆಲ್ಲ ಗಿರಾಕಿಯ ತಪ್ಪಲ್ಲ. ಇದನ್ನು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಡೆಲಿವರಿ ಹುಡುಗ ಹೋಗದೆಯೇ 'ಗಿರಾಕಿ ಸಿಗಲಿಲ್ಲ' ಎಂದು ಹಾಕಿಬಿಡುವುದು ಉಂಟು. ಅದನ್ನು ಗುರುತಿಸುವುದು ಹೇಗೆ ಅಂದರೆ, ಆ ಟಿಪ್ಪಣಿ ಬಿದ್ದ ಸಮಯ ನೋಡಿ. ರಾತ್ರಿ ಒಂಬತ್ತರ ಮೇಲೆ ಬಿದ್ದಿದ್ದರೆ ಗಿರಾಕಿಗೆ ಫೋನ್ ಮಾಡಿ, ಆ ದಿನ ಯಾವುದಾದರೂ ಗೊತ್ತಿಲ್ಲದ ನಂಬರಿಂದ ಕಾಲ್ ಬಂದಿತ್ತಾ ಎಂದು ಕೇಳಿ. ಬಾಗಲಕೋಟೆಯ ಗಿರಾಕಿಯೊಬ್ಬರು, 'ಅಕ್ಕಾರ, ನಾ ಇಡೀ ದಿನ ಮನ್ಯಾಗ ಇದ್ನಿ. ಯಾರೂ ಬಂದಿಲ್ಲ, ಫೋನೂ ಇಲ್ರಿ' ಎಂದು ಬೇಜಾರು ಮಾಡಿಕೊಂಡಿದ್ದರು. ಆ್ಯಪ್‌ನಲ್ಲಿ NDR ಎಂಬ ಪಟ್ಟಿ ಇರುತ್ತದೆ, ತಲುಪದ ಪಾರ್ಸೆಲ್‌ಗಳು ಅಲ್ಲಿ ಬರುತ್ತವೆ. ಅದೇ ದಿನ ಇನ್ನೊಂದು ನಂಬರ್, ಹತ್ತಿರದ ಗುರುತು ಹಾಕಿ ಮತ್ತೆ ಕೊಂಡೊಯ್ಯಲು ಹೇಳಿದರೆ ಬಹಳಷ್ಟು ಪಾರ್ಸೆಲ್ ಉಳಿಯುತ್ತವೆ. ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ಮೂರನೇ ಪ್ರಯತ್ನದ ನಂತರ ವಾಪಸ್ ಹೊರಡುತ್ತದೆ. ಒಮ್ಮೆ ಹೊರಟರೆ ತಿರುಗಿಸುವುದು ಕಷ್ಟ. ಈಗ ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ಆ ಪಟ್ಟಿ ನೋಡುವುದು ನನ್ನ ಕೆಲಸ.

ನನಗೆ ನಿಜವಾಗಿ ಕೈ ಹಿಡಿದದ್ದು ಮುಂಗಡ. ಸಿಒಡಿ ಬೇಕು ಎಂದವರಿಂದ 100 ರೂಪಾಯಿ ಯುಪಿಐ ತಗೊಂಡು, ಉಳಿದ 380 ಮನೆ ಬಾಗಿಲಲ್ಲಿ ಕೊಡಿ ಎನ್ನುತ್ತೇನೆ. ಪಾರ್ಸೆಲ್ ತಗೊಳ್ಳದಿದ್ದರೆ ಆ 100 ವಾಪಸ್ ಇಲ್ಲ ಎಂದು ಮೊದಲೇ ಮೆಸೇಜ್‌ನಲ್ಲಿ ಬರೆದು, ಅವರು 'ಸರಿ' ಎಂದ ಮೇಲೆ ಡಬ್ಬಿ ಕಟ್ಟುತ್ತೇನೆ. ಪೂರ್ತಿ ಮೊದಲೇ ಕೊಟ್ಟರೆ 450ಕ್ಕೇ ಕೊಡುತ್ತೇನೆ. ಸಿಒಡಿ ಶುಲ್ಕದ 40ರಲ್ಲಿ 30 ಗಿರಾಕಿಗೆ, 10 ನನಗೆ. ಮೊದಲ ತಿಂಗಳು ಆರ್ಡರ್ ಕಡಿಮೆಯಾಗಿ ಭಯವಾಯಿತು. ಸಿಒಡಿ 26ಕ್ಕೆ ಇಳಿಯಿತು. ಆದರೆ ವಾಪಸ್ ಬಂದದ್ದು ಒಂದೇ. 25ರಿಂದ 1,250 ಉಳಿಯಿತು, ಆ ಒಂದರಲ್ಲಿ ಮುಂಗಡ ಕಳೆದು 370 ಹೋಯಿತು, ಕೈಗೆ 880 ಬಂತು. ನೂರು ರೂಪಾಯಿ ಕೊಡಲು ಒಪ್ಪದೆ ಮಾಯವಾದವರಲ್ಲಿ ಜಾಸ್ತಿ ಜನ ರಾತ್ರಿ ಹನ್ನೆರಡರ ಮೇಲೆ ಜಾಹೀರಾತು ನೋಡಿ ಆರ್ಡರ್ ಹಾಕಿದವರು, ಮನೆ ನಂಬರ್ ಕೊಡದವರು.

ಒಂದು ಎಚ್ಚರಿಕೆ. ಮುಂಗಡ ತಗೊಂಡಾಗ ಆ್ಯಪ್‌ನಲ್ಲಿ ಬಿಲ್ ಮೊತ್ತ 480 ಇರಲಿ, ವಸೂಲಿ ಮಾಡಬೇಕಾದ ಮೊತ್ತ ಮಾತ್ರ 380 ಹಾಕಿ. ನಾನು ಒಮ್ಮೆ ಎರಡೂ ಕಡೆ 480 ಹಾಕಿಬಿಟ್ಟೆ. ಬಾಗಿಲಲ್ಲಿ ಪೂರ್ತಿ ಕೇಳಿದರು, ಗಿರಾಕಿ ನನ್ನನ್ನು ಮೋಸಗಾರ್ತಿ ಎಂದುಕೊಂಡರು. ತಕ್ಷಣ 100 ವಾಪಸ್ ಹಾಕಿ ಕ್ಷಮೆ ಕೇಳಿದೆ.

ಸಿಒಡಿ ದುಡ್ಡು ಡೆಲಿವರಿ ಆದ ದಿನವೇ ನನಗೆ ಬರುವುದಿಲ್ಲ. ನನ್ನ ಪ್ಲಾನ್‌ನಲ್ಲಿ ಎಂಟು ದಿನ. ಪಾರ್ಸೆಲ್ ತಲುಪಲು ಹಿಡಿಯುವ ನಾಲ್ಕೈದು ದಿನ ಸೇರಿದರೆ ಎರಡು ವಾರ ಹತ್ತಿರ. ರೊಟ್ಟಿ ಬಡಿಯುವವರ ಬಟವಾಡೆ ಮಾತ್ರ ಪ್ರತಿ ಶನಿವಾರ. ಜೋಳವನ್ನೂ ನಗದು ಕೊಟ್ಟೇ ತರಬೇಕು. ಮೊದಲೇ ಬಂದ ಯುಪಿಐ ದುಡ್ಡಿನಿಂದ ಈಗ ಬಟವಾಡೆ ಸಾಗುತ್ತದೆ.

ಹಾಗಂತ ಪ್ರೀಪೇಯ್ಡ್‌ನಲ್ಲಿ ತೊಂದರೆ ಇಲ್ಲ ಅಂತಲ್ಲ. ಸುಳ್ಳು ಸ್ಕ್ರೀನ್‌ಶಾಟ್ ಕಳಿಸುವವರಿದ್ದಾರೆ. ನನ್ನ ಬ್ಯಾಂಕ್ ಖಾತೆಯಲ್ಲಿ ದುಡ್ಡು ಕಾಣುವವರೆಗೆ ನಾನು ಡಬ್ಬಿ ಕಟ್ಟುವುದಿಲ್ಲ. ಪಾರ್ಸೆಲ್ ತಡವಾದರೆ ಮೊದಲೇ ದುಡ್ಡು ಕೊಟ್ಟವರಿಗೆ ಆತಂಕ ಜಾಸ್ತಿ, ಅದು ನ್ಯಾಯವೇ. ಅವರಿಗೆ ಟ್ರ್ಯಾಕಿಂಗ್ ಲಿಂಕ್ ಜೊತೆ ಒಂದು ಫೋನ್ ಕೂಡ ಮಾಡುತ್ತೇನೆ.

ಸಿಒಡಿಯನ್ನು ಪೂರ್ತಿ ಬಂದ್ ಮಾಡಲು ನನಗೆ ಮನಸ್ಸಿಲ್ಲ. ಧಾರವಾಡದಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ, ಯುಪಿಐ ಬಳಸುವುದಿಲ್ಲ. 'ತಂಗಿ, ರೊಕ್ಕ ಎಣಿಸಿ ಇಟ್ಟಿರ್ತೀನಿ, ನೀ ಕಳಸವಾ' ಎನ್ನುತ್ತಾರೆ. ಅವರಿಗೆ ಮುಂಗಡ ಇಲ್ಲದೆಯೇ ಪ್ರತಿ ತಿಂಗಳು ಎರಡು ಪ್ಯಾಕ್ ಹೋಗುತ್ತದೆ. ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ.