ಅಂಗಡಿಯಲ್ಲಿ ‘ಮೋಡೆಮ್ ಕೊಡಿ’ ಎಂದು ಕೇಳಿ ನಾನು ಕೆಟ್ಟೆ

ವಿಜಯನಗರದ ನಮ್ಮ ಮನೆಯಲ್ಲಿ ಹಳೆಯ ಟೆಲಿಫೋನ್ ತಂತಿಯ ಇಂಟರ್ನೆಟ್ ತೆಗೆಸಿ ಫೈಬರ್ ಹಾಕಿಸಿದ ಮೇಲೆ ಕೆಳಗಿನ ಕೋಣೆಗಳಲ್ಲಿ ಎಲ್ಲವೂ ಸರಿಯಾಗಿತ್ತು. ಮಹಡಿಯ ಕೋಣೆಗೆ ಮಾತ್ರ ವೈಫೈ ತಲುಪುತ್ತಿರಲಿಲ್ಲ. ಆಂಟೆನಾ ಇರುವ ಪೆಟ್ಟಿಗೆಯನ್ನೆಲ್ಲ ‘ಮೋಡೆಮ್’ ಎಂದೇ ಕರೆದು ರೂಢಿಯಾಗಿದ್ದ ನಾನು, ಒಂದು ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ‘ಇನ್ನೊಂದು ಮೋಡೆಮ್ ಕೊಡಿ’ ಎಂದೆ. ಅಂಗಡಿಯವರು ‘ಇದು ತಗೊಳ್ಳಿ ಸಾರ್, ಮೋಡೆಮ್ಮೂ ಹೌದು, ರೂಟರ್ರೂ ಹೌದು’ ಎಂದು 1,850 ರೂಪಾಯಿಯ ಪೆಟ್ಟಿಗೆಯೊಂದನ್ನು ಕೊಟ್ಟರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಪ್ಪಿದ್ದುದು ನಾನು ಕೇಳಿದ ಮಾತಿನಲ್ಲಿ.

ಮನೆಗೆ ತಂದು ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ನಾಲ್ಕು ಹಳದಿ ಕಿಂಡಿಗಳೂ ಅವುಗಳಿಂದ ದೂರದಲ್ಲಿ ‘ಡಿಎಸ್‌ಎಲ್’ ಎಂದು ಬರೆದ ಒಂದು ಕಿರಿದಾದ ಕಿಂಡಿಯೂ ಇದ್ದವು. ಫೈಬರ್ ಪೆಟ್ಟಿಗೆಯಿಂದ ತಂದ ನೆಟ್‌ವರ್ಕ್ ಕೇಬಲ್ಲನ್ನು ಆ ಕಿರಿದಾದ ಕಿಂಡಿಗೆ ಎಷ್ಟು ಒತ್ತಿದರೂ ಅದು ಒಳಗೆ ಹೋಗಲಿಲ್ಲ, ಏಕೆಂದರೆ ಅದು ಟೆಲಿಫೋನ್ ತಂತಿಗಾಗಿ ಮಾಡಿದ್ದು. ಮೋಡೆಮ್ ಎಂದರೆ ಇದೇ: ಟೆಲಿಫೋನ್ ಅಥವಾ ಟಿವಿ ಕೇಬಲ್ಲಿನಂತಹ ತಾಮ್ರದ ತಂತಿಯಲ್ಲಿ ಬರುವ ಸಂಕೇತವನ್ನು ಕಂಪ್ಯೂಟರಿಗೆ ತಿಳಿಯುವ ರೂಪಕ್ಕೆ ತರುವ ಸಾಧನ. ಗಾಜಿನ ಎಳೆಯಲ್ಲಿ ಬೆಳಕು ಬರುವ ಮನೆಯಲ್ಲಿ ಆ ಕೆಲಸವನ್ನು ಮಾಡುವುದು ಫೈಬರ್ ಟರ್ಮಿನಲ್. ನಮ್ಮ ಲೈನ್‌ಮನ್‌ಗಳು ಅದನ್ನು ಓಎನ್‌ಟಿ ಅಥವಾ ಓಎನ್‌ಯು ಎನ್ನುತ್ತಾರೆ. ಗೋಡೆಯಿಂದ ಬಂದ ತೆಳ್ಳನೆಯ ಎಳೆ, ಸಾಮಾನ್ಯವಾಗಿ ಹಸಿರು ತುದಿಯೊಂದಿಗೆ, ಹೋಗಿ ಸೇರುವ ಪೆಟ್ಟಿಗೆಯೇ ಅದು. ಅದರ ‘ಲಾಸ್’ ದೀಪ ಕೆಂಪಗೆ ಮಿನುಗಿದರೆ ಬೆಳಕು ತಲುಪುತ್ತಿಲ್ಲವೆಂದು ಅರ್ಥ, ಆಗ ಬೇರೆ ಯಾವ ಪೆಟ್ಟಿಗೆ ತಂದರೂ ಉಪಯೋಗವಿಲ್ಲ. (ಆ ಎಳೆಯನ್ನು ಮಡಿಸಬೇಡಿ, ಕಳಚಿ ಅದರ ತುದಿಯೊಳಗೆ ಇಣುಕಲೂ ಬೇಡಿ.)

ರೂಟರ್ ಮಾಡುವ ಕೆಲಸ ಬೇರೆ: ಹೊರಗಿನಿಂದ ಬಂದ ಒಂದೇ ಸಂಪರ್ಕವನ್ನು ಮನೆಯ ಹಲವು ಉಪಕರಣಗಳಿಗೆ ಹಂಚುತ್ತದೆ, ಸಾಮಾನ್ಯವಾಗಿ ಪ್ರತಿಯೊಂದಕ್ಕೂ ವಿಳಾಸ ಕೊಡುವುದೂ ಅದೇ. ಬಿಡಿಯಾಗಿ ಮಾರುವ ರೂಟರಿನಲ್ಲಿ ಸಾಮಾನ್ಯವಾಗಿ ಹೊರಗಿನ ಸಂಪರ್ಕಕ್ಕಾಗಿ ಇರುವ ಒಂದು ನೆಟ್‌ವರ್ಕ್ ಕಿಂಡಿ ಬೇರೆ ಬಣ್ಣದಲ್ಲಿರುತ್ತದೆ ಅಥವಾ ಅದರ ಮೇಲೆ ‘ವ್ಯಾನ್’ ಎಂದಿರುತ್ತದೆ. ಆಕ್ಸೆಸ್ ಪಾಯಿಂಟ್ ಹಂಚುವುದೂ ಇಲ್ಲ, ವಿಳಾಸ ಕೊಡುವುದೂ ಇಲ್ಲ; ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈ ಮಾಡಿ ಬಿಡುತ್ತದೆ, ಅಷ್ಟೆ. ನಮ್ಮ ಫೈಬರ್ ಪೆಟ್ಟಿಗೆಯೊಳಗೆ ಟರ್ಮಿನಲ್, ರೂಟರ್, ಆಕ್ಸೆಸ್ ಪಾಯಿಂಟ್ ಮೂರೂ ಒಟ್ಟಿಗಿದ್ದವು. ಹಾಗಾಗಿ ನನಗೆ ಬೇಕಾಗಿದ್ದುದು ಮಹಡಿಗೆ ಒಂದು ಆಕ್ಸೆಸ್ ಪಾಯಿಂಟ್ ಮಾತ್ರ.

ಇದನ್ನು ತಿಳಿಯುವ ಮೊದಲೇ ನಾನು ಇನ್ನೊಂದು ಎಡವಟ್ಟು ಮಾಡಿದ್ದೆ. ಕೇಬಲ್ ಹಿಡಿಯುವ ಕಿಂಡಿ ಹಳದಿಯದೇ ಎಂದು ಅಲ್ಲಿಗೆ ಸಿಕ್ಕಿಸಿದೆ. ಮಹಡಿಯಲ್ಲಿ ವೈಫೈ ಗುರುತು ತುಂಬಿ ಬಂತು, ಇಂಟರ್ನೆಟ್ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಅಮ್ಮನ ಫೋನೂ ನಿಂತಿತು. ಎರಡೂ ಪೆಟ್ಟಿಗೆಗಳ ಸ್ವಂತ ವಿಳಾಸ 192.168.1.1 ಆಗಿತ್ತು, ಎರಡೂ ವಿಳಾಸ ಹಂಚುತ್ತಿದ್ದವು. ಹೊಸದರ ಮಾತು ಕೇಳಿದ ಫೋನುಗಳು ಹೊರದಾರಿಯೇ ಇಲ್ಲದ ಪೆಟ್ಟಿಗೆಯ ಮುಂದೆ ಕಾದು ಕುಳಿತಿದ್ದವು. ಇಂಥ ಸಂದರ್ಭದಲ್ಲಿ ಹೊಸ ಪೆಟ್ಟಿಗೆಯ ಕೇಬಲ್ ಕಿತ್ತು, ಫೋನಿನ ವೈಫೈಯನ್ನು ಒಮ್ಮೆ ಆರಿಸಿ ಹಾಕಿದಾಗ ಎಲ್ಲವೂ ಸರಿಹೋದರೆ ಕಾರಣ ಇದೇ ಇರಬೇಕು.

ಮುದ್ರೆ ಒಡೆದ ಪೆಟ್ಟಿಗೆಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗ ಅದನ್ನೇ ಆಕ್ಸೆಸ್ ಪಾಯಿಂಟ್ ಮಾಡಿಕೊಟ್ಟ. ಫೈಬರ್ ಪೆಟ್ಟಿಗೆಗೆ ಸೇರಿಸದೆ, ಲ್ಯಾಪ್‌ಟಾಪನ್ನು ಹೊಸದಕ್ಕಷ್ಟೇ ಜೋಡಿಸಿ, ಅದರ ವಿಳಾಸವನ್ನು 192.168.1.250 ಎಂದು ಬದಲಿಸಿದ. ಫೈಬರ್ ಪೆಟ್ಟಿಗೆ 192.168.1.200ರವರೆಗೆ ಮಾತ್ರ ಹಂಚುತ್ತಿದ್ದುದರಿಂದ ಆ ಸಂಖ್ಯೆ ಯಾರಿಗೂ ಹೋಗುವಂತಿರಲಿಲ್ಲ. ಆಮೇಲೆ ವಿಳಾಸ ಹಂಚುವ DHCP Server ಎಂಬುದನ್ನು Disable ಮಾಡಿ, ಹಳದಿ ಕಿಂಡಿಯಿಂದ ಫೈಬರ್ ಪೆಟ್ಟಿಗೆಯ ಲ್ಯಾನ್ ಕಿಂಡಿಗೆ, ಎಂದರೆ ಮನೆಯೊಳಗಿನ ಉಪಕರಣಗಳಿಗಾಗಿ ಇರುವ ಕಿಂಡಿಗೆ, ಕೇಬಲ್ ಹಾಕಿದ. ಡಿಎಸ್‌ಎಲ್ ಕಿಂಡಿ ಖಾಲಿಯೇ ಉಳಿಯಿತು.

ಆದರೂ ಅದು 2.4 ಗಿಗಾಹರ್ಟ್ಸ್‌ನಲ್ಲಷ್ಟೇ ಕೆಲಸ ಮಾಡುವ ಹಳೆಯ ಬಗೆಯದಾದ್ದರಿಂದ, 100 ಎಂಬಿಪಿಎಸ್ ಸಂಪರ್ಕವಿದ್ದರೂ ಮಹಡಿಯಲ್ಲಿ ಸಿಗುವುದು ನಲವತ್ತರ ಆಸುಪಾಸು. ನೀವು ಅಂಗಡಿಗೆ ಹೋಗುವುದಾದರೆ, ಮನೆಯ ಪೆಟ್ಟಿಗೆಯ ಹಿಂಬದಿಯ ಫೋಟೊ ತೆಗೆದುಕೊಂಡು ಹೋಗಿ, ‘ಇದರ ಲ್ಯಾನ್ ಕಿಂಡಿಗೆ ಸೇರುವ, 5 ಗಿಗಾಹರ್ಟ್ಸ್ ಇರುವ ಆಕ್ಸೆಸ್ ಪಾಯಿಂಟ್, ಇಲ್ಲವೇ ಆಕ್ಸೆಸ್ ಪಾಯಿಂಟ್ ಮೋಡ್ ಇರುವ ರೂಟರ್ ಬೇಕು’ ಎಂದು ಕೇಳಿ. ಹಣ ಕೊಡುವ ಮೊದಲು ಡಬ್ಬದ ಮೇಲಿನ ಚಿತ್ರದಲ್ಲಿ ಹಿಂಬದಿಯ ಕಿಂಡಿಗಳನ್ನು ನೋಡಿಕೊಳ್ಳಿ.