ಬಿಲ್ ಕೌಂಟರಲ್ಲಿ ‘ಇಎಂಐ ಹಾಕ್ಲಾ ಅಕ್ಕ?’ ಅಂದರೆ, ಹೂಂ ಅನ್ನುವ ಮೊದಲು

ಹೋದ ವರ್ಷ ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ. ಊರ ತುಂಬ ಜನ. ನಮ್ಮ ನಾದಿನಿಯೂ ಮಕ್ಕಳನ್ನು ಕರೆದುಕೊಂಡು ದರ್ಶನಕ್ಕೆ ಬಂದಿದ್ದರು. ಸರಿಯಾಗಿ ಅದೇ ವಾರ ನಮ್ಮ ಹಳೇ ಫ್ರಿಜ್ ಕೈಕೊಟ್ಟಿತು. ಬೆಳಿಗ್ಗೆ ಬಾಗಿಲು ತೆಗೆದರೆ ದೋಸೆ ಹಿಟ್ಟು ಉಕ್ಕಿ ಕೆಳಗಿನ ತಟ್ಟೆವರೆಗೂ ಇಳಿದಿತ್ತು. ದೀಪಾವಳಿ ಆಫರ್ ಹೇಗೂ ಇದೆಯಲ್ಲ ಅಂತ ಸಂಜೆ ಬಿ.ಎಂ. ರಸ್ತೆಯ ಒಂದು ಅಂಗಡಿಗೆ ಹೋದೆವು. ಅಂಗಡಿ ಹೆಸರು ಬೇಡ, ಇದು ಯಾವ ಅಂಗಡಿಯಲ್ಲಿ ಬೇಕಾದರೂ ಆಗಬಹುದು.

36,000 ರೂಪಾಯಿಯ ಫ್ರಿಜ್ ಒಪ್ಪಿಗೆಯಾಯಿತು. ತೋರಿಸುತ್ತಿದ್ದ ಹುಡುಗ, “ಅಕ್ಕ, ನಿಮ್ ಕ್ರೆಡಿಟ್ ಕಾರ್ಡಿಗೆ ಬಡ್ಡಿ ಇಲ್ಲದ ಇಎಂಐ ಇದೆ. 6 ತಿಂಗಳು, ತಿಂಗಳಿಗೆ 6,000, ಅಷ್ಟೇ” ಅಂದ. ಆರಾರಲೆ ಮೂವತ್ತಾರು. ಲೆಕ್ಕ ಸರಿಯಾಗಿದೆ ಅಂತ ಬಿಲ್ ಕೌಂಟರಿಗೆ ಬಂದೆವು.

ಎಡವಟ್ಟು ಆಗಿದ್ದು ಇಲ್ಲಿ. ಕೌಂಟರಿನ ಹುಡುಗ ಸ್ವೈಪ್ ಮೆಷಿನ್‌ನಲ್ಲಿ ಏನೋ ಒತ್ತಿದ. ಅದು ಫ್ರಿಜ್‌ನ ಸೀರಿಯಲ್ ನಂಬರ್ ಕೇಳಿತು. ನಮ್ಮ ಫ್ರಿಜ್ ಇದ್ದದ್ದು ಗೋಡೌನ್‌ನಲ್ಲಿ. ಅಲ್ಲಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ನಮ್ಮ ಹಿಂದೆ ಏಳೆಂಟು ಜನ ನಿಂತಿದ್ದರು. ಅವನು ಹಿಂದಕ್ಕೆ ಹೋಗಿ ಇನ್ನೇನೋ ಒತ್ತಿ, “ಅಕ್ಕ, 12 ತಿಂಗಳು ಹಾಕ್ಬಿಡ್ಲಾ? ತಿಂಗಳಿಗೆ ಕಮ್ಮಿ ಬರುತ್ತೆ” ಅಂದ. ಕಮ್ಮಿ ಅಂದರೆ ಯಾರು ಬೇಡ ಅಂತಾರೆ? ಹೂಂ ಅಂದೆ. ಪಿನ್ ಒತ್ತಿದೆ. ಚೀಟಿ ಬಂತು, ಅದನ್ನು ಬಿಲ್ ಜೊತೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಕಾರ್ಡ್ ಬಿಲ್ ಬಂದಾಗ ಫ್ರಿಜ್ ಲೆಕ್ಕದಲ್ಲೇ 3,565 ರೂಪಾಯಿ ಇತ್ತು. 36,000ವನ್ನು 12ರಿಂದ ಭಾಗಿಸಿದರೆ 3,000 ಅಲ್ವಾ? ಮಿಕ್ಕ 565 ಎಲ್ಲಿಂದ ಬಂತು? ಆಗ ಬ್ಯಾಗ್ ತಡಕಿ ಆ ಚೀಟಿ ತೆಗೆದೆ. ಅದರಲ್ಲಿ ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಸಾಲ 36,000, ಅವಧಿ 12 ತಿಂಗಳು, ಬಡ್ಡಿ ವರ್ಷಕ್ಕೆ 15%, ಕಂತು 3,249. ಕೆಳಗೆ ನನ್ನ ಒಪ್ಪಿಗೆ ಇದೆ ಅನ್ನುವ ಸಾಲು. ಅದಕ್ಕೆ ಪಿನ್ ಒತ್ತಿದವಳು ನಾನೇ.

ನಡೆದದ್ದು ಏನು ಅಂತ ಆಮೇಲೆ ಅಂಗಡಿ ಮ್ಯಾನೇಜರ್ ಹತ್ತಿರ ಕೂತು ಬಿಡಿಸಿಕೊಂಡೆ. ಮೆಷಿನ್‌ನಲ್ಲಿ ಇಎಂಐಗೆ ಎರಡು ದಾರಿ ಇರುತ್ತವೆ. ಒಂದು ಬ್ರ್ಯಾಂಡ್ ಇಎಂಐ, ಇನ್ನೊಂದು ಬರೀ ಬ್ಯಾಂಕ್ ಇಎಂಐ. ‘ಬಡ್ಡಿ ಇಲ್ಲ’ ಅನ್ನುವ ಆಫರ್ ಇರುವುದು ಮೊದಲನೇದರಲ್ಲಿ. ಅದರಲ್ಲೂ ಬ್ಯಾಂಕ್ ಬಡ್ಡಿ ಬಿಡುವುದಿಲ್ಲ. ಫ್ರಿಜ್ ಕಂಪನಿ ಆ ಬಡ್ಡಿಯಷ್ಟು ದುಡ್ಡನ್ನು ಬೆಲೆಯಲ್ಲೇ ಕಳೆದುಕೊಡುತ್ತದೆ. ನನ್ನ ವಿಷಯದಲ್ಲಿ 36,000ದಲ್ಲಿ 1,524 ಕಳೆದು 34,476ಕ್ಕೆ ಮಾತ್ರ ಸಾಲ ಆಗಬೇಕಿತ್ತು. ಅದಕ್ಕೆ 15% ಬಡ್ಡಿ ಸೇರಿಸಿ 6 ಕಂತು ಮಾಡಿದರೆ ಸರಿಯಾಗಿ 6,000 ಬರುತ್ತದೆ. ಆ ರಿಯಾಯಿತಿ ಕೊಡುವುದಕ್ಕೆ, ಈ ಮಾಡೆಲ್ ನಿಜವಾಗಲೂ ಮಾರಾಟ ಆಯಿತು ಅನ್ನುವುದಕ್ಕೆ ಕಂಪನಿಗೆ ಗುರುತು ಬೇಕಲ್ಲ, ಅದಕ್ಕೇ ಸೀರಿಯಲ್ ನಂಬರ್ ಕೇಳುವುದು. ಬ್ಯಾಂಕ್ ಇಎಂಐಗೆ ಅದೆಲ್ಲ ಬೇಡ. ಕಾರ್ಡ್ ಹಾಕಿದರೆ ಯಾವ ಬ್ಯಾಂಕಿನದು ಅಂತ ಮೆಷಿನ್‌ಗೆ ಗೊತ್ತಾಗುತ್ತದೆ, ತಿಂಗಳುಗಳ ಪಟ್ಟಿ ತೋರಿಸುತ್ತದೆ, ಒಂದನ್ನು ಆರಿಸಿದರೆ ಮುಗಿಯಿತು. ಆ ಹುಡುಗ ಗೋಡೌನ್‌ನವರು ಫೋನ್ ಎತ್ತಲಿಲ್ಲ ಅಂತ ನನ್ನನ್ನು ಎರಡನೇ ದಾರಿಗೆ ತಳ್ಳಿಬಿಟ್ಟ. ಬಡ್ಡಿ ಇಲ್ಲದ ಆಫರ್ 12 ತಿಂಗಳಿಗೆ ಇರಲೂ ಇಲ್ಲ, 6ಕ್ಕೆ ಮಾತ್ರ.

ನನಗೆ ಬಿದ್ದ ಪೆಟ್ಟು ಎಷ್ಟು ಅಂದರೆ, 12 ತಿಂಗಳ ಬಡ್ಡಿ ಸುಮಾರು 2,990. ಬಡ್ಡಿ ಮೇಲೆ 18% ಜಿಎಸ್‌ಟಿ, ಅದು 538. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 3,760ರ ಹತ್ತಿರ. ಮೊದಲ ಬಿಲ್ಲಿನ 3,565 ಆದದ್ದೂ ಹೀಗೇ: ಕಂತು 3,249, ಆ ತಿಂಗಳ ಬಡ್ಡಿ 450ಕ್ಕೆ ಜಿಎಸ್‌ಟಿ 81, ಜೊತೆಗೆ ಆ ಫೀ.

ಹಾಗಂತ ‘ಬಡ್ಡಿ ಇಲ್ಲದ’ ಇಎಂಐ ಪೂರ್ತಿ ಪುಕ್ಕಟೆ ಅಂತಲೂ ಅಂದುಕೊಳ್ಳಬೇಡಿ. ಕಂಪನಿ ಬಡ್ಡಿಯನ್ನು ಕಳೆದುಕೊಟ್ಟರೂ ಬಡ್ಡಿ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಮ್ಮ ತಲೆ ಮೇಲೇ. ಸರಿಯಾಗಿ ಹಾಕಿದ್ದರೂ ನನಗೆ 509 ರೂಪಾಯಿ ಖರ್ಚಿತ್ತು. ಅದು ಪರವಾಗಿಲ್ಲ, ಆರು ತಿಂಗಳು ದುಡ್ಡು ನಮ್ಮ ಹತ್ತಿರ ಇರುತ್ತದಲ್ಲ. ಆದರೆ 509 ಎಲ್ಲಿ, 3,760 ಎಲ್ಲಿ.

ಸರಿಪಡಿಸಿ ಅಂತ ಕೇಳಿದ್ದಕ್ಕೆ ಮ್ಯಾನೇಜರ್ ನಿಜ ಹೇಳಿದರು. “ಅವತ್ತೇ ಬಂದಿದ್ರೆ ಆಗ್ತಿತ್ತು ಮೇಡಂ. ರಾತ್ರಿ ಮೆಷಿನ್ ಸೆಟಲ್ ಮಾಡೋದ್ರೊಳಗೆ ಆ ವ್ಯವಹಾರ ವಾಯ್ಡ್ ಮಾಡಿ ಹೊಸದಾಗಿ ಹಾಕಬಹುದಿತ್ತು.” ಈಗ ಅವರ ಕೈಯಲ್ಲಿ ಏನೂ ಇಲ್ಲ, ರಿಯಾಯಿತಿ ಕೊಡುವುದು ಕಂಪನಿ, ಸಾಲ ಕೊಟ್ಟದ್ದು ಬ್ಯಾಂಕ್.

ಬ್ಯಾಂಕಿಗೆ ಫೋನ್ ಮಾಡಿದೆ. ಸಾಲವನ್ನು ಮುಂಚೆಯೇ ತೀರಿಸಿ ಮುಚ್ಚಬಹುದು, ಬಾಕಿ ಅಸಲಿನ ಮೇಲೆ 3% ಚಾರ್ಜ್, ಜೊತೆಗೆ ಜಿಎಸ್‌ಟಿ ಅಂದರು. ಮೊದಲ ಕಂತು ಕಟ್ಟಿದ ಮೇಲೆ ಬಾಕಿ ಅಸಲು 33,201. ಮುಚ್ಚುವ ಖರ್ಚು 1,175, ಉಳಿಯುವ ಬಡ್ಡಿ ಮತ್ತು ಜಿಎಸ್‌ಟಿ ಸುಮಾರು 3,000. ಅಂದರೆ 1,800ರಷ್ಟು ಲಾಭ, ನಿಜ. ಆದರೆ ಹಬ್ಬ ಮುಗಿದ ತಿಂಗಳಲ್ಲಿ 34,000 ಒಟ್ಟಿಗೆ ಕೈಯಲ್ಲಿದ್ದಿದ್ದರೆ ಇಎಂಐ ಯಾಕೆ ಬೇಕಿತ್ತು! ತಡ ಮಾಡಿದಷ್ಟೂ ಈ ಲಾಭ ಕರಗುತ್ತದೆ, ಯಾಕೆಂದರೆ ಬಡ್ಡಿಯ ಹೆಚ್ಚು ಪಾಲನ್ನು ಮೊದಲ ಕಂತುಗಳಲ್ಲೇ ತೆಗೆದುಕೊಂಡಿರುತ್ತಾರೆ. ನಾನು ಸುಮ್ನೆ ಕಂತು ಕಟ್ಟುತ್ತಾ ಬಂದೆ.

ಇನ್ನೊಂದು ವಿಷಯ. ನನ್ನ ಕಾರ್ಡಿನ ಲಿಮಿಟ್ 60,000. ಮೊದಲ ದಿನವೇ 36,000 ಹಿಡಿದುಕೊಂಡರು. ಕಂತು ಕಟ್ಟಿದಾಗ ವಾಪಸ್ ಬರುವುದು ಅಸಲಿನ ಭಾಗ ಮಾತ್ರ, ಮೊದಲ ತಿಂಗಳು 2,799. ನಂತರ ಮಗನ ಕೋಚಿಂಗ್ ಫೀ ಕಟ್ಟಲು ಹೋದಾಗ ಕಾರ್ಡ್ ಡಿಕ್ಲೈನ್ ಆಯಿತು. ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಕೌಂಟರಲ್ಲಿ ನೀವು ನೋಡಬೇಕಾದ್ದು ಒಂದೇ ಜಾಗ. ಪಿನ್ ಒತ್ತುವ ಮೊದಲು ಮೆಷಿನ್‌ ಪರದೆಯನ್ನು ನಿಮ್ಮ ಕಡೆ ತಿರುಗಿಸಿ, ಸಾಲದ ಮೊತ್ತ ಎಷ್ಟಿದೆ ನೋಡಿ. ‘ಬಡ್ಡಿ ಇಲ್ಲ’ ಅಂತ ಹೇಳಿದ್ದರೆ ಅದು ಬಿಲ್ಲಿನ ಮೊತ್ತಕ್ಕಿಂತ ಕಮ್ಮಿ ಇರಬೇಕು. ಕೆಲವು ಕಂಪನಿಗಳು ಬೆಲೆಯಲ್ಲಿ ಕಳೆಯುವ ಬದಲು ಆಮೇಲೆ ಕ್ಯಾಶ್‌ಬ್ಯಾಕ್ ಕೊಡುತ್ತವೆ, ಆಗ ಕ್ಯಾಶ್‌ಬ್ಯಾಕ್ ಎಷ್ಟು ಅಂತ ಚೀಟಿಯಲ್ಲಿ ಇರಬೇಕು. ಎರಡೂ ಇಲ್ಲದೆ ಪೂರ್ತಿ ಬೆಲೆಗೇ ಸಾಲ ಅಂತ ತೋರಿಸುತ್ತಿದ್ದರೆ ಪಿನ್ ಒತ್ತಬೇಡಿ. ಸೀರಿಯಲ್ ನಂಬರ್ ಕೇಳದಿದ್ದರೂ ಅನುಮಾನ ಪಡಿ.

ಈ ಯುಗಾದಿಗೆ ನಾದಿನಿ ಟಿವಿ ತೆಗೆದುಕೊಂಡರು. ಅವತ್ತೂ ಕೌಂಟರಲ್ಲಿ ರಶ್ಶು. “ಸೀರಿಯಲ್ ನಂಬರ್ ತರೋಕೆ ಅರ್ಧ ಗಂಟೆ ಆಗುತ್ತೆ ಅಕ್ಕ” ಅಂದ ಅಲ್ಲಿನ ಹುಡುಗ. “ಆಗಲಿ ಬಿಡಪ್ಪ, ಕೂತಿರ್ತೀವಿ” ಅಂದು ಇಬ್ಬರೂ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆವು.