600 ಚದರಡಿ ಮೋಲ್ಡ್‌ಗೆ ರೆಡಿಮಿಕ್ಸ್ ಒಳ್ಳೇದಾ, ಸೈಟ್‌ನಲ್ಲೇ ಕಲಸೋದು ಒಳ್ಳೇದಾ?

ತುಮಕೂರಿನ ಹೊರವಲಯದಲ್ಲಿ ನಾವು ಕಟ್ಟಿಸಿದ ಮನೆಗೆ ಎರಡು ಮೋಲ್ಡ್. ಕೆಳಗಿನದನ್ನು ಕಾಂಕ್ರೀಟ್ ಕಲಸುವ ಮಿಲ್ಲರ್ ತರಿಸಿ ಸೈಟ್‌ನಲ್ಲೇ ಕಲಸಿ ಹಾಕಿದೆವು. ಮೇಲಿನದಕ್ಕೆ ಪ್ಲಾಂಟ್‌ನಲ್ಲೇ ಕಲಸಿ ಲಾರಿಯಲ್ಲಿ ಬರುವ ರೆಡಿಮಿಕ್ಸ್ ತರಿಸಿದೆವು. ಅಳತೆ ಒಂದೇ, ಗ್ರೇಡ್ ಒಂದೇ (ಎಂ20), ಮೇಸ್ತ್ರಿಯೂ ಒಬ್ಬರೇ. ಹಾಗಾಗಿ ಪಕ್ಕಪಕ್ಕದಲ್ಲಿಟ್ಟು ನೋಡೋಕೆ ಸುಲಭವಾಯಿತು.

ಮೊದಲು ಲೆಕ್ಕ. 600 ಚದರಡಿ, 5 ಇಂಚು ದಪ್ಪ ಅಂದರೆ 250 ಘನ ಅಡಿ, ಸುಮಾರು 7 ಘನ ಮೀಟರ್. ಬೀಮ್‌ಗಳಿಗೆ ಇನ್ನೊಂದು ಸೇರಿಸಿದರೆ 8.

ಸೈಟ್ ಮಿಕ್ಸ್‌ನಲ್ಲಿ ಸಿಮೆಂಟ್, ಮರಳು, ಜಲ್ಲಿಯ 1:1.5:3 ಅಳತೆಗೆ ಒಂದು ಘನ ಮೀಟರ್‌ಗೆ 8 ಮೂಟೆ ಸಿಮೆಂಟ್ ಬೇಕು. ಒಟ್ಟು 64 ಮೂಟೆ. ನಮಗೆ ಸಿಕ್ಕ ದರದಲ್ಲಿ ಸಿಮೆಂಟಿಗೆ ₹24,300, ಎಂ ಸ್ಯಾಂಡ್‌ಗೆ ₹7,200, 20 ಎಂಎಂ ಜಲ್ಲಿಗೆ ₹9,000 ಆಯಿತು. ಕಾಂಕ್ರೀಟ್ ಗ್ಯಾಂಗ್‌ನವರು ಮಿಲ್ಲರ್, ಲಿಫ್ಟ್, ಆಳು ಎಲ್ಲ ಸೇರಿಸಿ ಮೂಟೆ ಲೆಕ್ಕದಲ್ಲಿ ತೆಗೆದುಕೊಂಡಿದ್ದು ₹17,300. ಎಲ್ಲ ಕೂಡಿದರೆ ₹58,000ದ ಹತ್ತಿರ.

ರೆಡಿಮಿಕ್ಸ್‌ಗೆ ಘನ ಮೀಟರ್‌ಗೆ ₹4,900 ಅಂದರು. ಕೇಳೋಕೆ ಅಗ್ಗ ಅಲ್ವಾ? ಅದರ ಮೇಲೆ 18% ಜಿಎಸ್‌ಟಿ ಹಾಕಿದರೆ ₹5,780 ಆಗುತ್ತದೆ. ಪಂಪಿನ ಪೈಪ್‌ನಲ್ಲಿ, ಹಾಪರ್‌ನಲ್ಲಿ ಒಂದಿಷ್ಟು ಮಾಲು ಉಳಿದುಹೋಗುವುದರಿಂದ ಎಂಟರ ಬದಲು ಎಂಟೂವರೆ ತರಿಸಬೇಕಾಯಿತು. ಕಾಂಕ್ರೀಟಿಗೆ ₹49,000, ಪಂಪಿಗೆ ತೆರಿಗೆ ಸೇರಿ ₹10,600, ಹರಡಿ ಮಟ್ಟ ಮಾಡಿದ ಆಳುಗಳಿಗೆ ₹7,200. ಒಟ್ಟು ₹67,000. ಅಂದರೆ ₹9,000 ಜಾಸ್ತಿ.

ಈ ವ್ಯತ್ಯಾಸದ ಬಹುಪಾಲು ಪಂಪ್‌ನದು. 3 ಘನ ಮೀಟರ್ ಹಾಕಿಸಿದರೂ ಪಂಪಿನವರು ಅದೇ ದುಡ್ಡು ಕೇಳುತ್ತಾರೆ, 15 ಹಾಕಿಸಿದರೂ ಅದೇ. ಪೋರ್ಟಿಕೋ ಥರದ 3 ಘನ ಮೀಟರ್ ಕೆಲಸಕ್ಕೆ ಪಂಪೊಂದೇ ಘನ ಮೀಟರ್‌ಗೆ ₹3,500 ತಿಂದುಹಾಕುತ್ತದೆ. 15ರ ಹೊತ್ತಿಗೆ ಅದು ₹700ಕ್ಕೆ ಇಳಿದು, ಎರಡರ ಖರ್ಚೂ ಹೆಚ್ಚುಕಡಿಮೆ ಸಮ ಆಗುತ್ತದೆ. ನಿಮ್ಮೂರಿನ ದರ ಬೇರೆ ಇರಬಹುದು. ಆದರೆ ಲೆಕ್ಕ ಹಾಕುವಾಗ ಪಂಪನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಕಾಂಕ್ರೀಟಿನ ದರ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇನ್ನು ಗುಣಮಟ್ಟ. ಎರಡೂ ಸಲ 15 ಸೆಂಟಿಮೀಟರ್‌ನ ಕ್ಯೂಬ್ ತುಂಬಿಸಿ, 28 ದಿನ ಆದ ಮೇಲೆ ಲ್ಯಾಬ್‌ನಲ್ಲಿ ಒಡೆಸಿದೆವು. ಎಂ20 ಅಂದರೆ ಚದರ ಮಿಲಿಮೀಟರ್‌ಗೆ 20 ನ್ಯೂಟನ್ ಒತ್ತಡ ತಡೆಯಬೇಕು. ಸೈಟ್ ಮಿಕ್ಸ್‌ನ ಬೆಳಗಿನ ಕ್ಯೂಬ್‌ಗಳು ಸರಾಸರಿ 26 ಕೊಟ್ಟವು. ಮಧ್ಯಾಹ್ನದವು 22. ಸಂಜೆಯವು 18. ರೆಡಿಮಿಕ್ಸ್‌ನ ಎರಡು ಲಾರಿಯಿಂದ ತೆಗೆದವು 27 ಮತ್ತು 28.

ಸಿಮೆಂಟ್ ಅದೇ, ಜಲ್ಲಿ ಅದೇ. ಬೆಳಗ್ಗೆ 26 ಇದ್ದದ್ದು ಸಂಜೆ 18ಕ್ಕೆ ಇಳಿದದ್ದು ನೀರಿನಿಂದ. ಎಂ20 ನಾಮಿನಲ್ ಮಿಕ್ಸ್‌ಗೆ ಒಂದು ಮೂಟೆಗೆ 30 ಲೀಟರ್‌ಗಿಂತ ಹೆಚ್ಚು ನೀರು ಬೀಳಬಾರದು. ಮರಳಿನ ತೇವವೂ ಆ ಮೂವತ್ತರಲ್ಲೇ ಸೇರಬೇಕು. ಒಂದು ಮೂಟೆಗೆ ಹೋಗುವ ಎಂ ಸ್ಯಾಂಡ್ ಸುಮಾರು 85 ಕೆಜಿ. ಅದು 5% ಒದ್ದೆ ಇದ್ದರೂ 4 ಲೀಟರ್ ನೀರು ಆಗಲೇ ಒಳಗೆ ಬಂದಾಯಿತು. ಬೆಳಗ್ಗೆ ಎಲ್ಲರೂ ಬಕೆಟ್ ಎಣಿಸಿ ಹಾಕುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ತೋಳು ಸೋತಿರುತ್ತದೆ, ಗಟ್ಟಿ ಮಾಲು ಎಳೆಯೋದು ಕಷ್ಟ. "ಸ್ವಲ್ಪ ಲೂಸ್ ಮಾಡ್ಕೊಳೋ" ಅಂತ ಮೇಲಿನಿಂದ ಕೂಗು ಬರುತ್ತದೆ. ಮಿಲ್ಲರ್ ಪಕ್ಕದಲ್ಲಿದ್ದವನು ಪೈಪನ್ನೇ ಡ್ರಮ್ಮಿಗೆ ಬಿಡುತ್ತಾನೆ. ಅವರನ್ನು ಬೈದು ಪ್ರಯೋಜನವಿಲ್ಲ, ಇಡೀ ದಿನ ಬಿಸಿಲಲ್ಲಿ ದುಡಿಯುವ ಕೆಲಸ ಅದು. ಪೈಪ್ ತೆಗೆಸಿ, ಅಳತೆಯ ಬಕೆಟ್ ಒಂದನ್ನೇ ಇಟ್ಟು, ಅಲ್ಲಿ ನಂಬಿಕಸ್ಥರೊಬ್ಬರನ್ನು ಸಂಜೆವರೆಗೆ ನಿಲ್ಲಿಸಬೇಕು.

ನೀರು ಜಾಸ್ತಿಯಾದದ್ದು ಕಣ್ಣಿಗೇ ಕಾಣುತ್ತದೆ. ಸುರಿದ ಗುಡ್ಡೆ ನಿಲ್ಲದೆ ಹರಿಯುತ್ತದೆ, ಜಲ್ಲಿ ಮಧ್ಯದಲ್ಲಿ ಉಳಿದು ಸಿಮೆಂಟ್ ಹಾಲು ಅಂಚಿಗೆ ಓಡುತ್ತದೆ, ಸೆಂಟ್ರಿಂಗ್ ಶೀಟ್‌ಗಳ ಸಂದಿಯಿಂದ ಕೆಳಗೆ ತೊಟ್ಟಿಕ್ಕುತ್ತದೆ. ನಮ್ಮ ಕೆಳಗಿನ ಮೋಲ್ಡ್‌ನ ಸೆಂಟ್ರಿಂಗ್ ಬಿಚ್ಚಿದಾಗ ಮೆಟ್ಟಿಲ ಪಕ್ಕದ ಬೀಮ್‌ನ ತಳದಲ್ಲಿ ಅಂಗೈಯಗಲ ಜಲ್ಲಿ ಬರಿದಾಗಿ ಕಾಣುತ್ತಿತ್ತು. ಅದು ಸಂಜೆ ಹಾಕಿದ ಜಾಗ. ಅಲ್ಲಿ ಸ್ಪ್ಯಾನ್ ಚಿಕ್ಕದು, ಆಳವೂ ಕಂಬಿವರೆಗೆ ಹೋಗಿರಲಿಲ್ಲ. ಎಂಜಿನಿಯರ್ ಬಂದು ನೋಡಿ, ಕೆತ್ತಿಸಿ, ಕುಗ್ಗದ ಗ್ರೌಟ್ ತುಂಬಿಸಿದರು.

ಹಾಗಂತ ರೆಡಿಮಿಕ್ಸ್‌ನಲ್ಲಿ ಕಣ್ಣು ಮುಚ್ಚಿ ಕೂರುವಂತಿಲ್ಲ. ಲಾರಿ ಬಂದ ತಕ್ಷಣ ಮೊದಲು ನೋಡಬೇಕಾದ್ದು ಚಲನ್. ಪ್ಲಾಂಟ್‌ನಲ್ಲಿ ಲೋಡ್ ಆದ ಸಮಯ ಅದರಲ್ಲಿರುತ್ತದೆ. ಅಲ್ಲಿಂದ 2 ಗಂಟೆಯೊಳಗೆ ಖಾಲಿಯಾಗಬೇಕು ಅನ್ನೋದು ಸಾಮಾನ್ಯ ನಿಯಮ. ಗಟ್ಟಿಯಾಗುವುದನ್ನು ತಡ ಮಾಡುವ ಕೆಮಿಕಲ್ ಹಾಕಿದ್ದರೆ ಮಾತ್ರ ಅದಕ್ಕಿಂತ ಹೆಚ್ಚು ಹೊತ್ತು ಸಿಗುತ್ತದೆ. ಬ್ಯಾಚ್ ರಿಪೋರ್ಟ್ ಕೇಳಿ ತೆಗೆದುಕೊಳ್ಳಿ, ಸಿಮೆಂಟ್ ಎಷ್ಟು ಕೆಜಿ, ನೀರು ಎಷ್ಟು, ಎಲ್ಲ ಅದರಲ್ಲಿ ಪ್ರಿಂಟ್ ಆಗಿರುತ್ತದೆ. ಪ್ರಮಾಣದ ಬಗ್ಗೆ ಅನುಮಾನ ಇದ್ದರೆ ವೇ ಬ್ರಿಡ್ಜ್‌ನಲ್ಲಿ ಲಾರಿಯನ್ನು ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ ತೂಗಿಸಬಹುದು. ಒಂದು ಘನ ಮೀಟರ್ ಸುಮಾರು 2,400 ಕೆಜಿ, ಆರಕ್ಕೆ 14 ಟನ್ ಮೇಲೆ ಬರಬೇಕು.

ಇಲ್ಲೂ ನೀರಿನದೇ ಕಾಟ. ನಮ್ಮ ಎರಡನೇ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿ ಬಂತು. ಮಾಲು ಗಟ್ಟಿ ಆಗಿತ್ತು. ಪಂಪಿನವನು "ನೀರು ಬಿಡ್ಲಾ ಸಾರ್?" ಅಂದ. ನಮ್ಮ ಮೇಸ್ತ್ರಿ ಬಿಡಲಿಲ್ಲ. ಪ್ಲಾಂಟಿಗೆ ಫೋನ್ ಮಾಡಿಸಿ, ಅವರ ಟೆಕ್ನಿಷಿಯನ್ ಬಂದು ಅಡ್‌ಮಿಕ್ಸ್ಚರ್ ಹಾಕಿ ಡ್ರಮ್ ತಿರುಗಿಸಿದ ಮೇಲೆ ಮಾಲು ಸಡಿಲವಾಯಿತು. ಆ 28 ಬಂದದ್ದು ಇದೇ ಲಾರಿಯಿಂದ. ಅಲ್ಲಿ ಪೈಪ್ ಬಿಟ್ಟಿದ್ದರೆ ಖಂಡಿತ ಬರುತ್ತಿರಲಿಲ್ಲ.

ಇನ್ನೊಂದು ವಿಷಯ ವೇಗ. ಸೈಟ್ ಮಿಕ್ಸ್‌ಗೆ ಬೆಳಗಿನಿಂದ ಸಂಜೆವರೆಗೆ ಬೇಕಾಯಿತು. ಮಧ್ಯೆ ಮಿಲ್ಲರ್ ಕೆಟ್ಟಿದ್ದರೆ ಹಳೇ ಮಾಲಿಗೂ ಹೊಸ ಮಾಲಿಗೂ ನಡುವೆ ಜಾಯಿಂಟ್ ಬೀಳುವ ಭಯ ಬೇರೆ. ರೆಡಿಮಿಕ್ಸ್‌ನಲ್ಲಿ ಎರಡನೇ ಲಾರಿಗೆ ಕಾದದ್ದು ಬಿಟ್ಟರೆ ಸುರಿಯೋಕೆ ಒಂದು ಗಂಟೆ ಸಾಕಾಯಿತು. ಆದರೆ ಪಂಪ್ ಒಂದೇ ಜಾಗದಲ್ಲಿ ಗುಡ್ಡೆ ಹಾಕಿದರೆ ಅಲ್ಲಿನ ಸೆಂಟ್ರಿಂಗ್ ಮೇಲೆ ಭಾರಿ ಹೊರೆ ಬೀಳುತ್ತದೆ. ಹಿಂದಿನ ದಿನವೇ ಪ್ರತಿ ಕಂಬ ಅಲುಗಾಡಿಸಿ ನೋಡಿ, ಸುರಿಯುವಾಗ ಕೆಳಗೆ ಒಬ್ಬ ಬಡಗಿ ಇರಲಿ. ಮೇಲೆ ಎರಡು ವೈಬ್ರೇಟರ್ ಇರಬೇಕು, ಒಂದು ಕೈಕೊಟ್ಟರೆ ಇನ್ನೊಂದಿಗೆ ಕಾಯೋ ಹೊತ್ತು ಇರುವುದಿಲ್ಲ.

ಕ್ಯೂರಿಂಗ್‌ನಲ್ಲೂ ವ್ಯತ್ಯಾಸ ಇದೆ. ರೆಡಿಮಿಕ್ಸ್‌ನಲ್ಲಿ ಹಾರುಬೂದಿ ಸೇರಿಸಿರುವುದು ಸಾಮಾನ್ಯ, ಅದು ನಿಧಾನಕ್ಕೆ ಗಟ್ಟಿ ಆಗುತ್ತದೆ. ಹಾಗಾಗಿ ಪಾತಿ ಕಟ್ಟಿ 14 ದಿನ ನೀರು ನಿಲ್ಲಿಸಬೇಕು. ಗಾಳಿ, ಬಿಸಿಲು ಇದ್ದರೆ ಮಟ್ಟ ಮಾಡಿದ ಒಂದೆರಡು ಗಂಟೆಯಲ್ಲೇ ಕೂದಲೆಳೆ ಬಿರುಕು ಏಳುತ್ತವೆ, ಅಷ್ಟರೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ನಮ್ಮ ಮೇಲಿನ ಮೋಲ್ಡ್‌ನಲ್ಲಿ ಹಾಳೆ ಸಾಲದೆ ಬಿಟ್ಟ ಮೂಲೆಯಲ್ಲಿ ಮಾತ್ರ ಅಂಥ ಬಿರುಕು ಬಂದವು.

ನನ್ನ ಆಯ್ಕೆ ಕೇಳಿದರೆ, 8 ಘನ ಮೀಟರ್‌ಗೆ ₹9,000 ಜಾಸ್ತಿ ಕೊಟ್ಟು ರೆಡಿಮಿಕ್ಸ್ ಹಾಕಿಸುತ್ತೇನೆ. ಸಂಜೆಯ ಆ 18 ನೋಡಿದ ಮೇಲೆ ಈ ದುಡ್ಡು ದೊಡ್ಡದು ಅನಿಸುವುದಿಲ್ಲ. 4 ಘನ ಮೀಟರ್‌ಗಿಂತ ಕಡಿಮೆ ಇದ್ದರೆ ಸೈಟ್‌ನಲ್ಲೇ ಕಲಸುತ್ತೇನೆ. ಅಷ್ಟು ಕೆಲಸ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯುತ್ತದೆ, ನೀರಿನ ಬಕೆಟ್ ಪಕ್ಕ ನಾನೇ ನಿಂತಿರಬಹುದು. ರಸ್ತೆ ಕಿರಿದಾಗಿ ಲಾರಿ, ಪಂಪ್ ನಿಲ್ಲೋಕೆ ಜಾಗವಿಲ್ಲದ ಕಡೆ ಸೈಟ್ ಮಿಕ್ಸ್ ಬಿಟ್ಟರೆ ದಾರಿ ಕಡಿಮೆ. ಅಲ್ಲಿ ಇನ್ನೊಂದು ಗ್ಯಾಂಗ್ ಕರೆಸಿ, ಮಧ್ಯಾಹ್ನದ ಮೇಲೆ ಆಳು ಬದಲಾಗುವಂತೆ ಮಾತಾಡಿಕೊಳ್ಳಿ.